ಬಣ್ಣ ಬಿಡಿ, ಜಾಯಿಂಟ್ ನೋಡಿ: ಫೋಟೊದಲ್ಲೇ ಪೈಪು, ವಾಲ್ವ್ ಗುರುತಿಸುವುದು ಹೇಗೆ?

ಹಾಸನದ ಕುವೆಂಪುನಗರದ ಹಳೆಯ ಮನೆಯೊಂದರ ಹಿತ್ತಲ ಗೋಡೆಯ ಪೈಪು ಸೋರುತ್ತಿದೆ ಎಂದುಕೊಳ್ಳಿ. ಅಮ್ಮ ಫೋಟೊ ತೆಗೆದು ಬೆಂಗಳೂರಿನ ಮಗನಿಗೆ ಕಳಿಸಿದ್ದಾರೆ. ಗೋಡೆಗೆ ಬಣ್ಣ ಬಳಿದವರು ಪೈಪುಗಳನ್ನೂ ಬಿಟ್ಟಿಲ್ಲ, ಎಲ್ಲವೂ ಒಂದೇ ತಿಳಿಹಳದಿ. ಕೆಳಗಿನ ಮೂರಡಿಗೆ ಮಳೆಗಾಲದ ಪಾಚಿ ಬೇರೆ. ಇಂಥ ಫೋಟೊದಲ್ಲಿ ಬಣ್ಣ ನಂಬಿದರೆ ಕೆಟ್ಟೆವು. ಪೈಪು ತನ್ನ ಜಾತಿ ಹೇಳಿಕೊಳ್ಳುವುದು ಜಾಯಿಂಟಿನಲ್ಲಿ.

ಮೊದಲು ಒಂದು ಎಲ್ಬೋ ಹಿಡಿದು ಫೋಟೊ ದೊಡ್ಡದು ಮಾಡಿ. ಎಲ್ಬೋದ ಬಾಯಿಯ ಸುತ್ತ ಬಳೆ ತೊಡಿಸಿದಂತೆ ದಪ್ಪ ಅಂಚಿದ್ದು, ಪೈಪು ಒಳಗೆ ಹೋಗುವ ಕಡೆ ಒಂದೆರಡು ತ್ರೆಡ್ ಹೊರಗೆ ಕಾಣುತ್ತಿದ್ದರೆ ಅದು ಜಿಐ. ಕೆಲವೊಮ್ಮೆ ಸೆಣಬಿನ ಎಳೆಯೂ ಇಣುಕುತ್ತಿರುತ್ತದೆ. ತುಕ್ಕು ಶುರುವಾಗುವುದೂ ಅಲ್ಲೇ. ತ್ರೆಡ್ ಕತ್ತರಿಸುವಾಗ ಮೇಲಿನ ಸತುವಿನ ಲೇಪ ಹೋಗಿ ಕಬ್ಬಿಣ ಬಯಲಾಗಿರುತ್ತದೆ. ಬಣ್ಣದ ಕೆಳಗಿಂದ ಕಂದು ಗೆರೆ ಇಳಿದಿದ್ದರೆ ಅನುಮಾನವೇ ಬೇಡ.

ಪ್ಲಾಸ್ಟಿಕ್ ಫಿಟ್ಟಿಂಗಿನ ಬಾಯಿ ನುಣುಪು. ಸಲ್ಯೂಷನ್ ಹಚ್ಚಿ ಕೂರಿಸುವುದರಿಂದ ಜಾಯಿಂಟಿನಲ್ಲಿ ತ್ರೆಡ್ ಇರುವುದಿಲ್ಲ, ಒತ್ತಿದಾಗ ಹೊರಬಂದ ಸಲ್ಯೂಷನ್ನಿನ ತೆಳು ಗೆರೆ ಮಾತ್ರ. ಬಣ್ಣ ಬಳಿಯದಿದ್ದರೆ ಬಿಸಿನೀರಿಗೂ ಆಗುವ ಸಿಪಿವಿಸಿ ಸಾಮಾನ್ಯವಾಗಿ ಕೆನೆಬಣ್ಣದ್ದು, ತಣ್ಣೀರಿನ ಯುಪಿವಿಸಿ ಬಿಳಿ. ಜಾಯಿಂಟಿನಲ್ಲಿ ಕರಗಿ ಉಬ್ಬಿದ ತುಟಿಯಂಥ ಉಂಗುರವಿದ್ದರೆ ಕಾಯಿಸಿ ಕೂಡಿಸಿದ ಪಿಪಿಆರ್, ಹೆಚ್ಚಾಗಿ ಹಸಿರು. ಕಾಫಿ ತೋಟಗಳಲ್ಲಿ ಕಾಣುವ ನೀಲಿ ಗೆರೆಯ ಕರಿ ಪೈಪು ಎಚ್‌ಡಿಪಿಇ. ಅದರ ಜಾಯಿಂಟಿಗೆ ಮುಷ್ಟಿಯಷ್ಟು ದಪ್ಪದ ನಟ್ಟು.

ತಾಮ್ರದ ಫಿಟ್ಟಿಂಗ್ ಪೈಪಿಗಿಂತ ಕೂದಲೆಳೆಯಷ್ಟೇ ದಪ್ಪ, ಬಾಯಿಯಲ್ಲಿ ಬೆಸುಗೆಯ ಗೆರೆ. ತೇವ ತಗುಲಿದ ಕಡೆ ಹಸಿರು ಕಿಲುಬು. ನಮ್ಮ ಕಡೆ ನೀರಿನ ಲೈನಿಗೆ ತಾಮ್ರ ಅಪರೂಪ. ಕರಿ ಫೋಮ್ ಸುತ್ತಿದ ಸಣ್ಣ ತಾಮ್ರದ ಪೈಪು ಕಂಡರೆ ಅದು ಏಸಿಯದು, ಒಳಗಿರುವುದು ಗ್ಯಾಸ್, ಪ್ಲಂಬರ್ ಕೈ ಹಾಕುವಂತಿಲ್ಲ.

ಇಷ್ಟಾದರೂ ಸಂಶಯ ಉಳಿದರೆ ಫೋಟೊ ಬಿಟ್ಟು ಫೋನ್ ಮಾಡಿ: ‘ಅಮ್ಮ, ಫ್ರಿಜ್ಜಿನ ಮೇಲಿರೋ ಮ್ಯಾಗ್ನೆಟ್ ತಗೊಂಡು ಪೈಪಿಗೆ ಹಿಡಿದು ನೋಡು.’ ಬಣ್ಣದ ಮೇಲೂ ಜಿಐಗೆ ಅಂಟುತ್ತದೆ. ತಾಮ್ರಕ್ಕೆ, ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ.

ಇನ್ನು ವಾಲ್ವ್. ಉದ್ದ ಹಿಡಿಕೆ ಇದ್ದರೆ ಬಾಲ್ ವಾಲ್ವ್. ಹಿಡಿಕೆ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ. ಚಕ್ರದಂಥ ಹಿಡಿ ಇದ್ದರೆ ಗೇಟ್ ವಾಲ್ವ್ ಅಥವಾ ಗ್ಲೋಬ್ ವಾಲ್ವ್. ಹೊಟ್ಟೆ ಉಬ್ಬಿ ಮೈಮೇಲೆ ಬಾಣದ ಗುರುತಿದ್ದರೆ ಗ್ಲೋಬ್. ಮನೆಗಳಲ್ಲಿ ಸಿಗುವ ಹಿತ್ತಾಳೆ ಗೇಟ್ ವಾಲ್ವಿನಲ್ಲಿ ಚಕ್ರ ಸಾಮಾನ್ಯವಾಗಿ ಮೇಲೇಳುವುದಿಲ್ಲ, ಹಾಗಾಗಿ ತೆರೆದಿದೆಯೋ ಮುಚ್ಚಿದೆಯೋ ಫೋಟೊ ಹೇಳದು. ಹಿಡಿಯೇ ಇಲ್ಲದೆ ಬಾಣ ಮಾತ್ರ ಇದ್ದರೆ ಎನ್‌ಆರ್‌ವಿ, ನೀರು ಹಿಂದಕ್ಕೆ ಬಾರದಂತೆ ತಡೆಯುವಂಥದ್ದು. ಗೀಸರಿನ ತಣ್ಣೀರು ಪೈಪಿನಲ್ಲಿರುವ ಪುಟ್ಟ ಲಿವರಿನ ಹಿತ್ತಾಳೆ ತುಂಡು ಸೇಫ್ಟಿ ವಾಲ್ವ್. ನೀರು ನಿಲ್ಲಿಸಲು ಅದನ್ನು ತಿರುಗಿಸಬಾರದು.

ಅಳತೆಯಲ್ಲಿ ಎಡವುವವರೇ ಹೆಚ್ಚು. ಅರ್ಧ ಇಂಚಿನ ಜಿಐ ಹೊರಗಿನಿಂದ ಸುಮಾರು 21.3 ಮಿ.ಮೀ., ಮುಕ್ಕಾಲು ಇಂಚಿನ ಸಿಪಿವಿಸಿ 22.2 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಅದಕ್ಕೇ 27 ಮಿ.ಮೀ. ಅಗಲದ ಹತ್ತು ರೂಪಾಯಿ ನಾಣ್ಯವನ್ನು ಪೈಪಿಗೆ ತಾಗಿಸಿ ಹಿಡಿದು, ನೇರ ಎದುರಿನಿಂದ ಇನ್ನೊಂದು ಫೋಟೊ ತೆಗೆಸಿ. ನಾಣ್ಯ ಮುಂದಕ್ಕೆ ಬಂದರೆ ದೊಡ್ಡದಾಗಿ ಕಂಡು ಲೆಕ್ಕ ತಪ್ಪುತ್ತದೆ.

ಈಗ ಹಾಸನದ ಫೋಟೊಕ್ಕೆ ಬನ್ನಿ. ಕೆಳಗಿನ ಪೈಪಿನಲ್ಲಿ ಚಕ್ರದ ಗೇಟ್ ವಾಲ್ವ್, ಬಳೆ ಅಂಚಿನ ಎಲ್ಬೋ. ಮ್ಯಾಗ್ನೆಟ್ ಅಂಟಿತು, ಅಗಲ ನಾಣ್ಯದಷ್ಟೇ. ಅಂದರೆ ಮುಕ್ಕಾಲು ಇಂಚಿನ ಜಿಐ. ಮೇಲಿನದು ನುಣುಪು ಬಾಯಿಯದು, ನಾಣ್ಯ ಎರಡೂ ಬದಿಗೆ ತುಸು ಹೊರಚಾಚುತ್ತದೆ. ಬಣ್ಣ ಕೆರೆದಾಗ ಕೆನೆಬಣ್ಣ, ಕೆಳಗೆ ಸಿಪಿವಿಸಿ ಎಂಬ ಅಚ್ಚು: ಮುಕ್ಕಾಲು ಇಂಚಿನದೇ. ನೀರು ಜಿನುಗುತ್ತಿರುವುದು ಇವೆರಡೂ ಕೂಡುವಲ್ಲಿ. ಅಲ್ಲಿ ಹಾಕಿರುವುದು ಎಫ್‌ಟಿಎ, ಅಂದರೆ ಒಳಗೆ ತ್ರೆಡ್ ಇರುವ ಜೋಡಣೆ ತುಂಡು, ಅದೂ ಪೂರಾ ಪ್ಲಾಸ್ಟಿಕ್ಕಿನದು; ಬಾಯಿಂದ ಮೇಲಕ್ಕೆ ನೆಟ್ಟಗೆ ಒಂದು ಸೀಳು. ಜಿಐ ತ್ರೆಡ್ ತುದಿಗೆ ಸಣ್ಣದಾಗುತ್ತ ಹೋಗುವುದರಿಂದ ಬಿಗಿದಷ್ಟೂ ಬೆಣೆ ಹೊಡೆದಂತೆ ಪ್ಲಾಸ್ಟಿಕ್ಕನ್ನು ಅಗಲಿಸಿ ಸೀಳುತ್ತದೆ. ಎಷ್ಟು ಟೇಪ್ ಸುತ್ತಿದರೂ ಇದು ನಿಲ್ಲುವುದಿಲ್ಲ.

ಪ್ಲಂಬರ್‌ಗೆ ಹೇಳಬೇಕಾದದ್ದು ಇಷ್ಟು: ಮುಕ್ಕಾಲು ಇಂಚಿನ ಸಿಪಿವಿಸಿ ಬ್ರಾಸ್ ಎಫ್‌ಟಿಎ ಒಂದು, ಕಪ್ಲಿಂಗ್ ಒಂದು, ಒಂದಡಿ ಪೈಪು, ಸಿಪಿವಿಸಿ ಸಲ್ಯೂಷನ್, ಟೆಫ್ಲಾನ್ ಟೇಪ್. ಮೊದಲು ಎಫ್‌ಟಿಎ ಜಿಐಗೆ ಬಿಗಿದು, ಆಮೇಲೆ ಪೈಪು ಅಂಟಿಸಬೇಕು. ಮಳೆಗಾಲದ ಥಂಡಿಯಲ್ಲಿ ಸಲ್ಯೂಷನ್ ಒಣಗುವುದು ನಿಧಾನ; ಡಬ್ಬಿಯ ಮೇಲೆ ಬರೆದ ಹೊತ್ತು ಪೂರ್ತಿ ಕಳೆದ ಮೇಲೆಯೇ ಗೇಟ್ ವಾಲ್ವ್ ತೆರೆಯುವುದು.