ಅಜ್ಜಿ ಹೊಲಿದ ಕುಲಾವಿ, ಚಿತ್ರದಲ್ಲಿ ಸರಿಯಾಗಿ ಮೂಡಿದ ಬಗೆ

ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯೋಲೆ ಮಾಡುತ್ತಿದ್ದೆ. ಇಳಕಲ್ ಸೀರೆ ಉಟ್ಟ ಅಜ್ಜಿ, ತೋಳಲ್ಲಿ ಕೂಸು, ಕೂಸಿನ ತಲೆಗೆ ಕೆಂಪು ಕುಲಾವಿ. ಚಿತ್ರವನ್ನು, ಬರೆದುಕೊಟ್ಟ ವಿವರ ನೋಡಿ ಚಿತ್ರ ಬಿಡಿಸುವ ಎಐ ಆದ ಸ್ಟೇಬಲ್ ಡಿಫ್ಯೂಷನ್‌ನ ಎಸ್‌ಡಿಎಕ್ಸ್‌ಎಲ್ ಮಾದರಿಯಲ್ಲಿ, ಆಟೊಮ್ಯಾಟಿಕ್1111 ವೆಬ್‌ಯುಐ ಬಳಸಿ ತೆಗೆದಿದ್ದೆ. ಅಳತೆ 832×1216. ಅಜ್ಜಿಯ ಮುಖ, ಸೀರೆ ಎಲ್ಲ ಚೆನ್ನಾಗಿ ಬಂದಿತ್ತು. ಅಕ್ಕನಿಗೆ ಕಳಿಸಿದರೆ, "ಕುಲಾವಿ ಮ್ಯಾಲೆ ಏನೋ ಕಲೆ ಬಿದ್ದಂಗ ಕಾಣಸ್ತದಲ್ಲೋ" ಅಂದಳು. ದೊಡ್ಡದು ಮಾಡಿ ನೋಡಿದೆ. ಅವಳು ಹೇಳಿದ್ದು ನಿಜ. ಕಸೂತಿ ಇರಬೇಕಾದ ಜಾಗದಲ್ಲಿ ಮಸುಕಾದ ಚುಕ್ಕೆಗಳಿದ್ದವು.

ಇದಕ್ಕೆ ಕಾರಣ ಕುಲಾವಿಯ ಗಾತ್ರ. ಇಡೀ ಚಿತ್ರದಲ್ಲಿ ಅದು ಸುಮಾರು 90 ಪಿಕ್ಸೆಲ್ ಅಗಲ, 100 ಪಿಕ್ಸೆಲ್ ಎತ್ತರ. ಮಾದರಿ ಒಳಗೆ ಕೆಲಸ ಮಾಡುವಾಗ ಎಂಟು ಪಿಕ್ಸೆಲ್‌ಗೆ ಒಂದು ಮನೆಯ ಲೆಕ್ಕ. ಅಂದರೆ ಇಡೀ ಕುಲಾವಿಗೆ ಅಡ್ಡಕ್ಕೆ ಹನ್ನೊಂದು ಮನೆ ಮಾತ್ರ. ಅಷ್ಟರಲ್ಲಿ ಅಂಚು, ಲಾಡಿ, ಹೊಲಿಗೆ ಎಲ್ಲ ಹಿಡಿಸುವುದಿಲ್ಲ ಅಲ್ವಾ?

ಹಾಗಾಗಿ ಚಿತ್ರದ ಒಂದು ಭಾಗವನ್ನಷ್ಟೇ ಮತ್ತೆ ಬಿಡಿಸುವ Inpaint ಟ್ಯಾಬ್‌ಗೆ ಹೋಗಿ, ಕುಲಾವಿಯ ಮೇಲೆ ಬ್ರಷ್ ಆಡಿಸಿ ಮಾಸ್ಕ್ ಹಾಕಿ, Inpaint area ಅನ್ನುವಲ್ಲಿ Only masked ಆರಿಸಿಕೊಂಡೆ. ಹೀಗೆ ಮಾಡಿದರೆ ಮಾಸ್ಕ್ ಇರುವ ತುಂಡು ಮಾತ್ರ ಕತ್ತರಿಸಿಕೊಳ್ಳುತ್ತದೆ. ಆ ತುಂಡನ್ನು ನಾವು ಕೊಟ್ಟ ಅಗಲ ಎತ್ತರಕ್ಕೆ ಹಿಗ್ಗಿಸಿ, ಬಿಡಿಸಿ, ಮತ್ತೆ ಕುಗ್ಗಿಸಿ ಮೊದಲಿನ ಜಾಗಕ್ಕೇ ಅಂಟಿಸುತ್ತದೆ. ನಾನು 1024×1024 ಕೊಟ್ಟೆ. ಮಾಸ್ಕ್‌ನ ಸುತ್ತ ಎಷ್ಟು ಜಾಗ ಸೇರಿಸಿ ತುಂಡು ಕತ್ತರಿಸಬೇಕು ಅನ್ನುವುದನ್ನು Only masked padding ನಿರ್ಧರಿಸುತ್ತದೆ. ಅಂಟಿಸುವಾಗ ಅಂಚು ಎಷ್ಟು ಮೆತ್ತಗಿರಬೇಕು ಅನ್ನುವುದು Mask blur ಕೈಯಲ್ಲಿದೆ. ನನ್ನ ಕುಲಾವಿ ಕೆಟ್ಟದ್ದೂ ಸರಿಹೋದದ್ದೂ ಈ ಎರಡರಿಂದಲೇ.

ಮೊದಲು ಪ್ಯಾಡಿಂಗ್. ಜಾಸ್ತಿ ವಿವರ ಬೇಕಲ್ಲ ಎಂದು ಸೊನ್ನೆ ಇಟ್ಟೆ. ಕುಲಾವಿ ಎಂಟು ಪಟ್ಟು ಹಿಗ್ಗಿತು, ನೂಲು ನೂಲೂ ಕಾಣುವಂತೆ ಬಂತು. ಆದರೆ ಅದರೊಳಗೆ ಇನ್ನೊಂದು ಪುಟ್ಟ ಮುಖ ಮೂಡಿತ್ತು! ಕತ್ತರಿಸಿದ ತುಂಡಿನಲ್ಲಿ ಕೂಸಿನ ಹಣೆಯ ಅಂಚಷ್ಟೇ ಇತ್ತು. ಕಣ್ಣು, ಕೆನ್ನೆ ಯಾವುದೂ ಕಾಣದ ಕಾರಣ ಮಾದರಿ ಈ ತುಂಡನ್ನೇ ಇಡೀ ಚಿತ್ರ ಅಂದುಕೊಂಡಿತು. ಬೆಳಕೂ ತಪ್ಪಿತ್ತು. ಅಜ್ಜಿಯ ಮೇಲೆ ಬೆಳಕು ಎಡದಿಂದ ಬೀಳುತ್ತಿದ್ದರೆ, ಕುಲಾವಿಯ ಮೇಲೆ ಬಲದಿಂದ ಬೀಳುತ್ತಿತ್ತು.

ಆಮೇಲೆ 160 ಇಟ್ಟು ನೋಡಿದೆ. ಈಗ ಅಜ್ಜಿಯ ತೋಳು, ಕೂಸಿನ ಮುಖ ಎಲ್ಲ ತುಂಡಿನೊಳಗೆ ಬಂದವು, ಬೆಳಕು ಸರಿಹೋಯಿತು. ಆದರೆ ತುಂಡು ಸುಮಾರು 450 ಪಿಕ್ಸೆಲ್ ಆಗಿತ್ತು. ಅದನ್ನು 1024ಕ್ಕೆ ಹಿಗ್ಗಿಸಿದರೆ ಎರಡೂಕಾಲು ಪಟ್ಟು ಮಾತ್ರ. ಕುಲಾವಿಗೆ ಸಿಕ್ಕಿದ್ದು 200 ಪಿಕ್ಸೆಲ್ ಚಿಲ್ಲರೆ. ಕಸೂತಿ ಮತ್ತೆ ಚುಕ್ಕೆಯಾಯಿತು. ಕೊನೆಗೆ 64ಕ್ಕೆ ನಿಂತೆ. ತುಂಡು ಸುಮಾರು 258, ಹಿಗ್ಗುವುದು ನಾಲ್ಕು ಪಟ್ಟು, ಕುಲಾವಿಗೆ ಹೆಚ್ಚು ಕಡಿಮೆ 350 ಪಿಕ್ಸೆಲ್. ಕೂಸಿನ ಕಣ್ಣುಗಳೂ ತುಂಡಿನೊಳಗೇ ಇದ್ದವು. ನಾನು ಗುರುತು ಇಟ್ಟುಕೊಂಡಿದ್ದು ಇಷ್ಟೇ: ಆ ಬಟ್ಟೆ ಯಾರ ಮೈಮೇಲೆ ಇದೆ ಎಂದು ತುಂಡು ನೋಡಿದರೇ ತಿಳಿಯಬೇಕು. ಅದಕ್ಕಿಂತ ಹೆಚ್ಚು ಪ್ಯಾಡಿಂಗ್ ಬೇಡ.

ಕೆಲವೊಮ್ಮೆ ಒಂದೇ ಕಡೆಗೆ ಸುತ್ತಲಿನ ಚಿತ್ರ ಬೇಕಾಗುತ್ತದೆ. ನನಗೆ ಕೆಳಗಡೆ ಅಜ್ಜಿಯ ಕೈ ಬೇಕಿತ್ತು, ಮೇಲಿನ ಗೋಡೆ ಬೇಕಿರಲಿಲ್ಲ. ಆಗ ಪ್ಯಾಡಿಂಗ್ ಏರಿಸಲಿಲ್ಲ. ಆ ಕೈಯ ಹತ್ತಿರ ಬ್ರಷ್‌ನಿಂದ ಒಂದು ಸಣ್ಣ ಚುಕ್ಕೆ ಇಟ್ಟೆ. ಮಾಸ್ಕ್ ಎಲ್ಲೆಲ್ಲಿ ಇದೆಯೋ ಅದನ್ನೆಲ್ಲ ಸೇರಿಸಿಯೇ ತುಂಡು ಕತ್ತರಿಸುವುದರಿಂದ, ಚೌಕ ಆ ಕಡೆಗೆ ಹಿಗ್ಗುತ್ತದೆ. ಚುಕ್ಕೆ ಚಿಕ್ಕದಿದ್ದರೆ ಅಲ್ಲಿ ಬದಲಾವಣೆ ಗೊತ್ತೇ ಆಗುವುದಿಲ್ಲ.

ಇನ್ನು ಬ್ಲರ್. ಇಲ್ಲಿ ನನ್ನ ಒಂದು ಸಂಜೆ ಪೂರ್ತಿ ಹೋಯಿತು. ಅಂಚು ಎದ್ದು ಕಾಣಬಾರದು ಎಂದು 16 ಇಟ್ಟಿದ್ದೆ. ಕುಲಾವಿಯ ನಡುಭಾಗ ಸೊಗಸಾಗಿ ಬಂತು, ಅಂಚು ಮಾತ್ರ ಎರಡೆರಡಾಗಿ ಕಂಡಿತು. ಹಳೆಯ ಮಸುಕು ಅಂಚು ಕೆಳಗೆ, ಹೊಸ ಅಂಚು ಮೇಲೆ, ಎರಡೂ ಅರ್ಧರ್ಧ. ಈ ಬ್ಲರ್ ಲೆಕ್ಕ ಹಾಕುವುದು ಮೂಲ ಚಿತ್ರದ ಪಿಕ್ಸೆಲ್‌ಗಳಲ್ಲಿ, ಹಿಗ್ಗಿಸಿದ ತುಂಡಿನಲ್ಲಲ್ಲ. ಹರಡುವುದೂ ಇಟ್ಟ ಸಂಖ್ಯೆಯ ಎರಡೂವರೆ ಪಟ್ಟು. 16 ಇಟ್ಟರೆ ಅಂಚಿನ ಎರಡೂ ಬದಿಗೆ 40 ಪಿಕ್ಸೆಲ್ ತನಕ ಕಲಸುತ್ತದೆ. 90 ಪಿಕ್ಸೆಲ್ ಅಗಲದ ಕುಲಾವಿಯಲ್ಲಿ ಉಳಿಯುವುದೆಷ್ಟು? ಅದೂ ಅಲ್ಲದೆ ಕತ್ತರಿಸುವ ಚೌಕವನ್ನು ಬ್ಲರ್ ಆದ ಮೇಲಿನ ಮಾಸ್ಕ್‌ನಿಂದ ಅಳೆಯುತ್ತದೆ. ಬ್ಲರ್ ಏರಿಸಿದಷ್ಟೂ ತುಂಡು ದೊಡ್ಡದಾಗಿ, ಹಿಗ್ಗುವ ಪಟ್ಟು ಕಡಿಮೆಯಾಗುತ್ತದೆ.

4ಕ್ಕೆ ಇಳಿಸಿದೆ. ಹರಡುವುದು ಹತ್ತು ಪಿಕ್ಸೆಲ್. ಜೊತೆಗೆ ಮಾಸ್ಕನ್ನು ಕುಲಾವಿಯ ಅಂಚಿಗೇ ನಿಲ್ಲಿಸದೆ, ಐದಾರು ಪಿಕ್ಸೆಲ್ ಆಚೆಗೂ ಎಳೆದೆ. ಆಗ ಕಲಸುವ ಭಾಗ ಹೆಚ್ಚಾಗಿ ಹಣೆಯ ಮೇಲೆ, ಸೀರೆಯ ಮೇಲೆ ಬೀಳುತ್ತದೆ, ಕಸೂತಿಯ ಮೇಲಲ್ಲ. ಬ್ಲರ್ ಸೊನ್ನೆ ಮಾಡಿಯೂ ನೋಡಿದೆ. ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕೂದಲ ಸುತ್ತ ಗೆರೆ ಕಂಡಿತು. ಗದ್ದದ ಕೆಳಗಿನ ಲಾಡಿ ಬರೀ ಹತ್ತು ಪಿಕ್ಸೆಲ್ ಅಗಲ. ಅದಕ್ಕೆ ಬೇರೆ ಮಾಸ್ಕ್ ಹಾಕಿ, ಬ್ಲರ್ 2 ಇಟ್ಟು, ಇನ್ನೊಂದು ಸಲ ಓಡಿಸಿದೆ.

ಇಷ್ಟೆಲ್ಲ ಆದರೂ ಅಚ್ಚು ತೆಗೆದಾಗ ಹೊಲಿಗೆ ಪೂರ್ತಿ ಕಾಣಲಿಲ್ಲ. ಯೋಚಿಸಿದಾಗ ಗೊತ್ತಾಯಿತು. ಎಷ್ಟೇ ಹಿಗ್ಗಿಸಿ ಬಿಡಿಸಿದರೂ, ಕೊನೆಗೆ ಅದನ್ನು ಅದೇ 90 ಪಿಕ್ಸೆಲ್‌ಗೆ ಕುಗ್ಗಿಸಿ ಅಂಟಿಸುತ್ತದೆ. ಆಕಾರ ಸರಿಹೋಗುತ್ತದೆ, ನೂಲು ಉಳಿಯುವುದಿಲ್ಲ. ಹಾಗಾಗಿ ಮೊದಲು ಇಡೀ ಚಿತ್ರವನ್ನು Extras ಟ್ಯಾಬ್‌ನಲ್ಲಿ ಎರಡು ಪಟ್ಟು ಮಾಡಿಕೊಂಡು, 1664×2432ರ ಮೇಲೆ ಮತ್ತೆ ಶುರು ಮಾಡಿದೆ. ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಿಟ್ಟರೆ ಕೆಲಸ ಕೆಡುತ್ತದೆ. ಚಿತ್ರ ಎರಡು ಪಟ್ಟಾದರೆ ಪ್ಯಾಡಿಂಗೂ ಬ್ಲರೂ ಎರಡು ಪಟ್ಟಾಗಬೇಕು. ಇಲ್ಲದಿದ್ದರೆ 64ರ ಪ್ಯಾಡಿಂಗ್ ಹಿಂದಿನ 32ರಷ್ಟೇ ಸುತ್ತಲನ್ನು ತೋರಿಸುತ್ತದೆ. ಕೊನೆಗೆ ನಿಂತದ್ದು ಹೀಗೆ:

```
Inpaint area: Only masked
Only masked padding, pixels: 128
Mask blur: 8
Masked content: original
Width x Height: 1024 x 1024
Denoising strength: 0.45
```

ಪ್ರಾಂಪ್ಟ್‌ನಲ್ಲಿ ಅಜ್ಜಿ, ಸೀರೆ, ಮನೆ ಎಲ್ಲ ತೆಗೆದುಬಿಟ್ಟೆ. ಕೂಸಿನ ತಲೆಯ ಕೆಂಪು ಹತ್ತಿ ಕುಲಾವಿ, ಬಿಳಿ ನೂಲಿನ ಕಸೂತಿ, ಇಷ್ಟೇ ಬರೆದೆ. ತುಂಡಿನಲ್ಲಿ ಇಲ್ಲದ್ದನ್ನು ಬರೆದರೆ ಅದನ್ನು ಕುಲಾವಿಯೊಳಗೇ ತುರುಕಲು ನೋಡುತ್ತದೆ. ಹಳೆಯ ಚಿತ್ರವನ್ನು ಎಷ್ಟು ಬದಲಿಸಬೇಕು ಅನ್ನುವ Denoising strength 0.6 ದಾಟಿಸಿದಾಗ ಕುಲಾವಿ ಬೇರೆ ಟೋಪಿಯೇ ಆಗಿಬಿಟ್ಟಿತು. 0.3ರಲ್ಲಿ ಹಳೆಯ ಕಲೆ ಹಾಗೇ ಉಳಿಯಿತು.

ಸರಿಯಾಯಿತೋ ಇಲ್ಲವೋ ಎಂದು ನಾನು ಎರಡು ಸಲ ನೋಡುತ್ತೇನೆ. ಮೊದಲು 200% ದೊಡ್ಡದು ಮಾಡಿ ಅಂಚು ಎರಡಾಗಿದೆಯೇ ಅಂತ. ಆಮೇಲೆ ಚಿತ್ರವನ್ನು ಅಂಗೈಯಷ್ಟು ಚಿಕ್ಕದು ಮಾಡಿ, ಕಣ್ಣು ಸೀದಾ ಕುಲಾವಿಗೇ ಹೋಗುತ್ತದೆಯೇ ಅಂತ. ಹೋದರೆ ಸುತ್ತಲಿಗಿಂತ ಅದು ಜಾಸ್ತಿ ಚೂಪಾಗಿದೆ ಎಂದರ್ಥ. ನನ್ನದರಲ್ಲಿ ಹಾಗೇ ಆಗಿತ್ತು. ಕೂಸಿನ ಮುಖಕ್ಕೂ ಇದೇ ಪ್ಯಾಡಿಂಗ್, ಇದೇ ಬ್ಲರ್ ಇಟ್ಟು ಒಂದು ಸಲ ಓಡಿಸಿದ ಮೇಲೆ ಎರಡೂ ಹೊಂದಿಕೊಂಡವು.

ಒಂದು ಕೊರತೆ ಮಾತ್ರ ಉಳಿಯಿತು. ನಿಜವಾದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು, ನವಿಲು ಹೊಲಿಯುತ್ತಾರೆ. ಮಾದರಿ ಬಿಡಿಸಿದ್ದು ಕಸೂತಿಯ ಹಾಗೆ ಕಾಣುವ ಗೆರೆಗಳನ್ನು ಅಷ್ಟೇ. ಅದನ್ನು ಪ್ಯಾಡಿಂಗ್ ಆಗಲಿ ಬ್ಲರ್ ಆಗಲಿ ಸರಿಮಾಡುವುದಿಲ್ಲ. ಅಜ್ಜಿ ಹೊಲಿದ ಕುಲಾವಿಯ ಫೋಟೋ ತೆಗೆದು, ಅದರ ಗೋಪುರವನ್ನು ಎರಡು ಪಟ್ಟಾದ ಚಿತ್ರದ ಮೇಲೆ ಒರಟಾಗಿ ಅಂಟಿಸಿದೆ. ಮೇಲಿನ ಸಂಖ್ಯೆಗಳನ್ನೇ ಇಟ್ಟು, Denoising strength ಮಾತ್ರ 0.25ಕ್ಕೆ ಇಳಿಸಿ ಓಡಿಸಿದೆ. ಗೋಪುರದ ಗೆರೆ ಉಳಿಯಿತು, ಬಟ್ಟೆಯ ಮಡಿಕೆಗೂ ಬೆಳಕಿಗೂ ಕೂಡಿಕೊಂಡಿತು. ಅಚ್ಚಿಗೆ ಹೋದದ್ದು ಆ ಚಿತ್ರ.