ಷೇರುಪೇಟೆಯಲ್ಲಿ ಇಲ್ಲದ ಕಂಪನಿಗೆ ಬೆಲೆ ಕಟ್ಟುವುದು ಹೇಗೆ?

ಖಾಸಗಿ ಕಂಪನಿಯ ಷೇರಿಗೆ ಪೇಟೆಯಲ್ಲಿ ದರ ಇರುವುದಿಲ್ಲ. ಹಾಗಾಗಿ ಅದೇ ವ್ಯವಹಾರದ ಲಿಸ್ಟೆಡ್ ಕಂಪನಿಗಳು ಲಾಭದ ಎಷ್ಟು ಪಟ್ಟು ಬೆಲೆಗೆ ಮಾರಾಟವಾಗುತ್ತಿವೆ ಅಂತ ನೋಡಿ, ಆ ಪಟ್ಟನ್ನು ನಮ್ಮ ಕಂಪನಿಗೆ ಹಾಕುತ್ತೇವೆ. ಕೇಳಲು ಸುಲಭ, ಆದರೆ ಸಾಲ ಇದ್ದರೆ ಲೆಕ್ಕ ಎಡವುವುದು ಅಲ್ಲೇ.

ರಟ್ಟಿನ ಡಬ್ಬಿ ಮಾಡುವ ಒಂದು ಕಂಪನಿ ಅಂದುಕೊಳ್ಳಿ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ಅಂದರೆ ಎಬಿಟ್ಡಾ, ಪುಸ್ತಕದಲ್ಲಿ 11 ಕೋಟಿ ಇದೆ. ಮೊದಲು ಇದನ್ನು ಸರಿ ಮಾಡಿ. ಅದರಲ್ಲಿ 2 ಕೋಟಿ ಜಾಗ ಮಾರಿ ಬಂದದ್ದು, ಮುಂದಿನ ವರ್ಷ ಬರಲ್ಲ. ಮಾಲೀಕರು ತಾವೇ ಎಂ.ಡಿ. ಆಗಿ ದುಡಿದು ಸಂಬಳ ತೆಗೆದುಕೊಂಡಿಲ್ಲ, ಆ ಜಾಗಕ್ಕೆ ಹೊರಗಿನವರನ್ನು ಇಟ್ಟರೆ ವರ್ಷಕ್ಕೆ 1 ಕೋಟಿ ಕೊಡಬೇಕು. ಎರಡನ್ನೂ ಕಳೆದರೆ ನಿಜವಾದ ಎಬಿಟ್ಡಾ 8 ಕೋಟಿ. ಸವಕಳಿ 2, ಬಡ್ಡಿ 2, ಶೇ 25ರಂತೆ ತೆರಿಗೆ 1 ಹೋಗಿ ನಿವ್ವಳ ಲಾಭ 3 ಕೋಟಿ.

ಈಗ ಹೋಲಿಕೆಯ ಕಂಪನಿಗಳು. ಐದರ ಇವಿ/ಎಬಿಟ್ಡಾ, ಅಂದರೆ ಇಡೀ ವ್ಯವಹಾರದ ಬೆಲೆ ಎಬಿಟ್ಡಾದ ಎಷ್ಟು ಪಟ್ಟು ಅನ್ನುವುದು, ಹೀಗಿದೆ ಅಂದುಕೊಳ್ಳಿ: 6, 7, 7.5, 8, 15. ಸರಾಸರಿ 8.7 ಬರುತ್ತೆ, ಆದರೆ ಆ 15 ಇರುವ ಕಂಪನಿಗೆ ಆ ವರ್ಷ ಲಾಭವೇ ಕುಸಿದಿತ್ತು, ಹಾಗಾಗಿ ಪಟ್ಟು ಸುಮ್ನೆ ಉಬ್ಬಿದೆ. ಸಾಲಿನ ನಡುವೆ ಬರುವ ಸಂಖ್ಯೆ, ಅಂದರೆ ಮಧ್ಯಾಂಕ 7.5 ತೆಗೆದುಕೊಳ್ಳಿ. ಎಲ್ಲರ ಲಾಭವೂ ಒಂದೇ ಅವಧಿಯದ್ದಾಗಿರಬೇಕು.

8 ಕೋಟಿಗೆ 7.5 ಪಟ್ಟು ಅಂದರೆ 60 ಕೋಟಿ. ಇದು ಷೇರಿನ ಬೆಲೆ ಅಲ್ಲ! ಇಡೀ ವ್ಯವಹಾರದ ಬೆಲೆ, ಸಾಲ ಕೊಟ್ಟವರ ಪಾಲೂ ಇದರಲ್ಲಿ ಸೇರಿದೆ. ಸಾಲ 20 ಕೋಟಿ, ಕೈಯಲ್ಲಿರುವ ನಗದು 2 ಕೋಟಿ, ಹಾಗಾಗಿ 18 ಕಳೆದರೆ ಷೇರುದಾರರಿಗೆ ಉಳಿಯುವುದು 42 ಕೋಟಿ.

ಪಿಇ ದಾರಿಯಲ್ಲಿ, ಅಂದರೆ ಷೇರಿನ ಬೆಲೆ ನಿವ್ವಳ ಲಾಭದ ಎಷ್ಟು ಪಟ್ಟು ಅಂತ ನೋಡುತ್ತಾ ಹೋದರೆ? ಅದೇ ಕಂಪನಿಗಳ ಮಧ್ಯಾಂಕ 18 ಇದೆ ಅನ್ನೋಣ. 3 ಕೋಟಿ ಲಾಭಕ್ಕೆ 54 ಕೋಟಿ. ಪಿಇ ನೇರವಾಗಿ ಷೇರಿನ ಬೆಲೆ ಕೊಡುತ್ತೆ, ಇಲ್ಲಿ ಸಾಲ ಮತ್ತೆ ಕಳೆಯಬಾರದು, ಬಡ್ಡಿ ಮೊದಲೇ ಹೋಗಿದೆ.

42ಕ್ಕೂ 54ಕ್ಕೂ ಇಷ್ಟು ಅಂತರ ಯಾಕೆ? ಎರಡನ್ನೂ ಕೂಡಿಸಿ ಅರ್ಧ ಮಾಡಿಬಿಡುವವರು ಜಾಸ್ತಿ, ಹಾಗೆ ಮಾಡಬೇಡಿ. ಹೋಲಿಕೆಯ ಕಂಪನಿಗಳ ಬ್ಯಾಲೆನ್ಸ್ ಶೀಟ್ ತೆಗೆದು ನೋಡಿ. ಅವಕ್ಕೆ ಸಾಲ ಕಡಿಮೆ ಇದ್ದರೆ ಉತ್ತರ ಅಲ್ಲೇ ಸಿಗುತ್ತೆ. ನಮ್ಮ ಕಂಪನಿಯ ಎಬಿಟ್ಡಾ 2 ಕೋಟಿ ಇಳಿದರೆ, ಬಡ್ಡಿ, ಸವಕಳಿ ಅಷ್ಟೇ ಇರುವುದರಿಂದ ತೆರಿಗೆಗೆ ಮೊದಲಿನ ಲಾಭ 4ರಿಂದ 2ಕ್ಕೆ, ಅಂದರೆ ಅರ್ಧಕ್ಕೆ ಬೀಳುತ್ತೆ. ಅಷ್ಟು ಅಲುಗಾಡುವ ಲಾಭಕ್ಕೆ ಸಾಲ ಕಡಿಮೆ ಇರುವ ಕಂಪನಿಯ ಪಿಇ ಕೊಡಲಾಗದು. ಹಾಗಾಗಿ ಇಲ್ಲಿ ನಾನು 42ನ್ನೇ ಹಿಡಿಯುತ್ತೇನೆ.

ಇನ್ನೊಂದು ಬಾಕಿ. ಲಿಸ್ಟೆಡ್ ಷೇರನ್ನು ಬೇಕೆಂದಾಗ ಮಾರಬಹುದು, ಖಾಸಗಿ ಕಂಪನಿಯ ಷೇರನ್ನು ಹಾಗೆ ಮಾರಲು ಆಗಲ್ಲ. ಅದಕ್ಕೆ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಕಳೆಯುತ್ತಾರೆ. ಶೇ 25 ಕಳೆದರೆ 31.5 ಕೋಟಿ. ಸಣ್ಣ ಪಾಲು ಕೊಳ್ಳುವವರಿಗೆ ಈ ಲೆಕ್ಕ ಸರಿ. ಇಡೀ ಕಂಪನಿಯನ್ನೇ ಕೊಳ್ಳುವುದಾದರೆ ಹಿಡಿತ ಸಿಗುತ್ತೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತೆ, ಆಗ ಈ ಕಡಿತ ಬಹುಪಾಲು ಕರಗಬಹುದು.