ಊರಲ್ಲಿ ಟ್ರಾನ್ಸ್‌ಫರ್, ಬ್ರಿಟನ್ನಿನಲ್ಲಿ ಬಸಿರು: ಮೊದಲ 12 ವಾರ

ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಕುಮಟಾ–ಭಟ್ಕಳದ ಕಡೆಯವರು ಮಣಿಪಾಲ, ಮಂಗಳೂರಿಗೆ ಹೋಗಿ ಐವಿಎಫ್ ಮಾಡಿಸಿಕೊಳ್ಳುತ್ತಾರೆ. ಫ್ರೀಜ್ ಮಾಡಿಟ್ಟ ಭ್ರೂಣವನ್ನು ರಜೆಯಲ್ಲಿ ಟ್ರಾನ್ಸ್‌ಫರ್ ಮಾಡಿಸಿಕೊಂಡು, ಟೆಸ್ಟ್ ಪಾಸಿಟಿವ್ ಬಂದ ಬೆನ್ನಿಗೇ ಬ್ರಿಟನ್ನಿಗೆ ವಿಮಾನ ಹತ್ತುವವರೂ ಇದ್ದಾರೆ. ಇವರಿಗೆ ಕಷ್ಟವಾಗುವುದು 5ನೇ ವಾರದಿಂದ 12ನೇ ವಾರದವರೆಗೆ. ಆಗ ಊರಿನ ಡಾಕ್ಟರು ದೂರ, ಇಲ್ಲಿನ ಮಿಡ್‌ವೈಫ್ ಇನ್ನೂ ಸಿಕ್ಕಿರುವುದಿಲ್ಲ. ಊರಿನಲ್ಲಾದರೆ 6ನೇ ವಾರಕ್ಕೇ ಸ್ಕ್ಯಾನ್ ಮಾಡುತ್ತಾರೆ. ಇಲ್ಲಿನ ಎನ್‌ಎಚ್‌ಎಸ್‌ನಲ್ಲಿ ತೊಂದರೆ ಇಲ್ಲದ ಬಸುರಿಗೆ ಮೊದಲ ಸ್ಕ್ಯಾನ್ ಸುಮಾರು 12 ವಾರಕ್ಕೆ. ಎರಡು ದಿನಕ್ಕೊಮ್ಮೆ ರಕ್ತದಲ್ಲಿ ಬೀಟಾ ಎಚ್‌ಸಿಜಿ ನೋಡುವ ರೂಢಿಯೂ ಇಲ್ಲ. ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ, ಇಲ್ಲಿನ ಪದ್ಧತಿಯೇ ಅದು. ಆದರೆ ನಿಮ್ಮ ಬಸಿರು ಆ ಪದ್ಧತಿಗೆ ಎರಡು ಕಡೆ ಹೊಂದುವುದಿಲ್ಲ: ಒಂದು ಔಷಧ, ಇನ್ನೊಂದು ತಾರೀಖು.

ಔಷಧದ ವಿಚಾರದಲ್ಲಿ ಮೊದಲು ತಿಳಿಯಬೇಕಾದ್ದು ನಿಮ್ಮ ಸೈಕಲ್ ಯಾವ ಬಗೆಯದು ಎಂಬುದು. ಸಹಜವಾಗಿ ಅಂಡ ಬಿಡುಗಡೆಯಾದಾಗ, ಆ ಜಾಗದಲ್ಲಿ ಕಾರ್ಪಸ್ ಲೂಟಿಯಮ್ ಎಂಬ ಸಣ್ಣ ಗ್ರಂಥಿ ಹುಟ್ಟಿಕೊಂಡು ಪ್ರೊಜೆಸ್ಟರಾನ್ ಕೊಡುತ್ತದೆ. ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಅದೇ. ಈಸ್ಟ್ರೋಜನ್ ಮಾತ್ರೆ ಕೊಟ್ಟು ಒಳಪದರ ಬೆಳೆಸಿ ಟ್ರಾನ್ಸ್‌ಫರ್ ಮಾಡುವ ಔಷಧದ ಸೈಕಲ್‌ನಲ್ಲಿ ಅಂಡ ಬಿಡುಗಡೆಯೇ ಆಗುವುದಿಲ್ಲ, ಹಾಗಾಗಿ ಆ ಗ್ರಂಥಿಯೂ ಇರುವುದಿಲ್ಲ. ಒಳಗೆ ಸೇರುವ ಪ್ರೊಜೆಸ್ಟರಾನ್ ಎಲ್ಲ ಹೊರಗಿನಿಂದ ಕೊಟ್ಟದ್ದೇ. ಮಾಸು ಬೆಳೆದು ಆ ಕೆಲಸ ವಹಿಸಿಕೊಳ್ಳುವುದು ಸುಮಾರು 7ರಿಂದ 9ನೇ ವಾರದೊಳಗೆ. ಸುರಕ್ಷಿತವಾಗಿರಲಿ ಎಂದು ಡಾಕ್ಟರು 10 ಅಥವಾ 12 ವಾರದವರೆಗೆ ಮುಂದುವರಿಸುತ್ತಾರೆ. "ನನಗೆ ಪಾಸಿಟಿವ್ ಬಂದ ದಿನವೇ ನಿಲ್ಲಿಸಿದರು, ಏನೂ ಆಗಲಿಲ್ಲ" ಎಂದು ಗೆಳತಿ ಹೇಳಿದರೆ ಅದೂ ಸುಳ್ಳಿರಲಿಕ್ಕಿಲ್ಲ. ಅವರದು ಫ್ರೆಶ್ ಟ್ರಾನ್ಸ್‌ಫರ್ ಇಲ್ಲವೇ ನ್ಯಾಚುರಲ್ ಸೈಕಲ್ ಇದ್ದಿರಬೇಕು, ಅವರ ಒಳಗೆ ಗ್ರಂಥಿ ಇತ್ತು. ಅದೇ ಸಲಹೆ ಹಿಡಿದು ಔಷಧದ ಸೈಕಲ್‌ನ ನೀವು 5ನೇ ವಾರಕ್ಕೆ ನಿಲ್ಲಿಸಿದರೆ, ಚೆನ್ನಾಗಿ ಬೆಳೆಯುತ್ತಿದ್ದ ಬಸಿರೂ ಉಳಿಯದೆ ಹೋಗಬಹುದು.

ಮಾತ್ರೆ ಮುಗಿದಾಗ ಇಲ್ಲಿ ಕೊಂಡರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ. ಭಾರತದ ಡಾಕ್ಟರ ಚೀಟಿಗೆ ಇಲ್ಲಿನ ಫಾರ್ಮಸಿಯವರು ಔಷಧ ಕೊಡುವುದಿಲ್ಲ. ಹೊರದೇಶದಲ್ಲಿ ಶುರುವಾದ ಐವಿಎಫ್ ಔಷಧವನ್ನು ಬರೆದುಕೊಡಲು ಜಿಪಿ ಒಪ್ಪದೆಯೂ ಇರಬಹುದು. ಆದ್ದರಿಂದ ಎಣಿಸಿಕೊಂಡೇ ಹೊರಡಿ. ಯೋನಿಯೊಳಗೆ ಇಡುವ 400 ಮಿಲಿಗ್ರಾಂ ಪ್ರೊಜೆಸ್ಟರಾನ್ ಪೆಸರಿ ದಿನಕ್ಕೆ ಎರಡು, 2 ಮಿಲಿಗ್ರಾಂ ಎಸ್ಟ್ರಾಡಯಾಲ್ ಮಾತ್ರೆ ದಿನಕ್ಕೆ ಮೂರು ಎಂದು ಬರೆದಿದ್ದಾರೆ ಅಂದುಕೊಳ್ಳಿ. 5 ವಾರ ತುಂಬಿದ ದಿನ ಹೊರಟರೆ 12 ವಾರಕ್ಕೆ 49 ದಿನ. ಅಂದರೆ 98 ಪೆಸರಿ, 147 ಮಾತ್ರೆ, ಮೇಲೆ ಒಂದು ವಾರದ್ದು ಹೆಚ್ಚಿಗೆ. ಮೂಲ ಪೆಟ್ಟಿಗೆಯಲ್ಲೇ, ಚೀಟಿಯ ಜೊತೆ, ಕೈಚೀಲದಲ್ಲಿ ತನ್ನಿ. ದೊಡ್ಡ ಬ್ಯಾಗು ತಡವಾದರೆ ಔಷಧವೂ ತಡವಾಗುತ್ತದೆ. ಎಣ್ಣೆಯಲ್ಲಿ ಬರುವ ಪ್ರೊಜೆಸ್ಟರಾನ್ ಇಂಜೆಕ್ಷನ್ ನಡೆಯುತ್ತಿದ್ದರೆ ಹೊರಡುವ ಮೊದಲೇ ಪೆಸರಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಊರಿನ ಔಷಧಕ್ಕೆ ಸೂಜಿ ಚುಚ್ಚಿಕೊಡುವ ನರ್ಸು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಪೆಸರಿ ಇಟ್ಟ ಮೇಲೆ ಸ್ವಲ್ಪ ಹೊತ್ತು ಮಲಗಿ. ಆಮೇಲೆ ಬಿಳಿ ಮೇಣದಂಥದು ಹೊರಬರುವುದು ಸಹಜ. ಅದು ಕರಗಿದ ಕೊಬ್ಬು, ಔಷಧ ಚೆಲ್ಲಿಹೋಯಿತು ಎಂದು ಇನ್ನೊಂದು ಇಟ್ಟುಕೊಳ್ಳಬೇಡಿ. ಪ್ರೊಜೆಸ್ಟರಾನ್ ಕರುಳಿನ ಚಲನೆಯನ್ನೂ ನಿಧಾನ ಮಾಡುವುದರಿಂದ ಮಲಬದ್ಧತೆ ಆಗುತ್ತದೆ. ಆಯಿ ಫೋನಿನಲ್ಲಿ ಹೇಳುವ ತಂಬುಳಿ, ಸೊಪ್ಪಿನ ಸಾಸಿವೆ ಆ ಮಟ್ಟಿಗೆ ಒಳ್ಳೆಯದೇ. "ಹಾಸಿಗೆ ಬಿಟ್ಟು ಏಳಬೇಡ" ಎಂಬುದನ್ನು ಮಾತ್ರ ಕೇಳಬೇಕಿಲ್ಲ, ಮಲಗಿಯೇ ಇದ್ದ ಮಾತ್ರಕ್ಕೆ ಭ್ರೂಣ ಹೆಚ್ಚು ಗಟ್ಟಿಯಾಗಿ ನಿಲ್ಲುವುದೇನಿಲ್ಲ.

ಇನ್ನು ತಾರೀಖು. ಇಲ್ಲಿನ ಫಾರ್ಮಿನಲ್ಲಿ ಕೊನೆಯ ಮುಟ್ಟಿನ ದಿನ ಕೇಳುತ್ತಾರೆ. ಅಲ್ಲಿ ನಿಜವಾಗಿ ಮುಟ್ಟಾದ ದಿನ ಬರೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಔಷಧದ ಸೈಕಲ್‌ನಲ್ಲಿ ಒಳಪದರ ದಪ್ಪವಾಗುವವರೆಗೆ ಕಾಯುತ್ತಾರೆ. ಒಂದು ಉದಾಹರಣೆ ನೋಡಿ. ಮುಟ್ಟಾದದ್ದು 2025ರ ಫೆಬ್ರವರಿ 13. ಪ್ರೊಜೆಸ್ಟರಾನ್ ಶುರುವಾದದ್ದು ಮಾರ್ಚ್ 5. ಐದು ದಿನದ ಬ್ಲಾಸ್ಟೊಸಿಸ್ಟ್ ಟ್ರಾನ್ಸ್‌ಫರ್ ಆದದ್ದು ಮಾರ್ಚ್ 10. ಐದು ದಿನದ ಭ್ರೂಣವಾದರೆ ಟ್ರಾನ್ಸ್‌ಫರ್ ದಿನವನ್ನು 2 ವಾರ 5 ದಿನ ಎಂದು ಹಿಡಿಯಬೇಕು. ಹಾಗೆ 19 ದಿನ ಹಿಂದೆ ಎಣಿಸಿದರೆ ಲೆಕ್ಕದ ಮುಟ್ಟಿನ ದಿನ ಫೆಬ್ರವರಿ 19. ಹೆರಿಗೆಯ ದಿನ ಟ್ರಾನ್ಸ್‌ಫರ್‌ನಿಂದ 261ನೇ ದಿನ, ಅಂದರೆ ನವೆಂಬರ್ 26.

ಇವರು ಏಪ್ರಿಲ್ 3ಕ್ಕೆ ಖಾಸಗಿ ಸ್ಕ್ಯಾನಿಗೆ ಹೋಗಿ ಫೆಬ್ರವರಿ 13 ಎಂದು ಹೇಳಿದರು ಅನ್ನಿ. ಪರದೆಯ ಲೆಕ್ಕದಲ್ಲಿ 7 ವಾರ, ನಿಜದಲ್ಲಿ 6 ವಾರ 1 ದಿನ. ಏಳು ವಾರಕ್ಕೆ ಸುಮಾರು 10 ಮಿಲಿಮೀಟರ್ ಭ್ರೂಣ ಹುಡುಕುವವರಿಗೆ 4 ಮಿಲಿಮೀಟರ್‌ನದು ಕಾಣುತ್ತದೆ, ಮಿಡಿತ ಕಂಡರೂ ಕಂಡಿತು, ಇಲ್ಲದಿದ್ದರೂ ಇಲ್ಲ. "ಬೆಳವಣಿಗೆ ಹಿಂದಿದೆ" ಎಂಬ ಮಾತು ಅಲ್ಲೇ ಹುಟ್ಟುತ್ತದೆ. ಹಾಗಾಗಿ ಟ್ರಾನ್ಸ್‌ಫರ್ ತಾರೀಖು, ಭ್ರೂಣ ಎಷ್ಟು ದಿನದ್ದು ಎಂಬ ಎರಡನ್ನು ಮೊದಲೇ ಹೇಳಿ, ಸ್ಕ್ಯಾನನ್ನು 7 ವಾರ ತುಂಬಿದ ಮೇಲೆ ಇಟ್ಟುಕೊಳ್ಳಿ. ಇವರಿಗೆ ಅದು ಏಪ್ರಿಲ್ 9. ಅದಕ್ಕೂ ಮುಂಚಿನ ಸ್ಕ್ಯಾನು ಸಮಾಧಾನಕ್ಕಿಂತ ಆತಂಕವನ್ನೇ ಹೆಚ್ಚು ಕೊಡುತ್ತದೆ. ಮಿಡಿತ ಕಾಣದಿದ್ದರೂ ಭ್ರೂಣ 7 ಮಿಲಿಮೀಟರ್‌ಗಿಂತ ಚಿಕ್ಕದಿದ್ದರೆ ಇಲ್ಲಿನ ನಿಯಮ ಅದನ್ನು ಹೋಯಿತು ಎಂದು ಹೇಳಲು ಬಿಡುವುದಿಲ್ಲ. ಕನಿಷ್ಠ 7 ದಿನ ಬಿಟ್ಟು ಮತ್ತೆ ನೋಡಬೇಕು. ಆ ವಾರವೂ ಪೆಸರಿ ನಿಲ್ಲಬಾರದು.

ಈ ಸ್ಕ್ಯಾನಿನಲ್ಲಿ ಇನ್ನೊಂದು ವಿಷಯ ಖಾತ್ರಿಯಾಗಬೇಕು, ಭ್ರೂಣದ ಚೀಲ ಗರ್ಭಕೋಶದ ಒಳಗೇ ಇದೆಯೇ ಎಂಬುದು. ಐವಿಎಫ್ ಆದರೂ ಭ್ರೂಣ ಅಂಡನಾಳಕ್ಕೆ ಸರಿದು ಅಲ್ಲಿ ಬೆಳೆಯಬಹುದು. ಪೆಸರಿ ಬಳಸುವವರಿಗೆ ಕಂದು ಬಣ್ಣದ ಸ್ವಲ್ಪ ರಕ್ತ ಕಾಣುವುದು ಉಂಟು. ಅದಕ್ಕೆ ಆಸ್ಪತ್ರೆಯ ಅರ್ಲಿ ಪ್ರೆಗ್ನೆನ್ಸಿ ಯೂನಿಟ್‌ಗೆ ಫೋನ್ ಮಾಡಿ. ಕೆಲವು ಕಡೆ ನೇರವಾಗಿ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಜಿಪಿ ಅಥವಾ 111 ಮೂಲಕ ಹೋಗಬೇಕು. ಒಂದೇ ಬದಿಯ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವಂತಾಗುವುದು, ಪ್ಯಾಡು ತೊಯ್ಯುವಷ್ಟು ರಕ್ತ, ಇವುಗಳಲ್ಲಿ ಯಾವುದಾದರೂ ಇದ್ದರೆ ಫೋನಿನ ಸರದಿಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಮಿಡ್‌ವೈಫ್ ಬುಕಿಂಗಿಗೆ ಪಾಸಿಟಿವ್ ಬಂದ ಕೂಡಲೇ ಹೆಸರು ಕೊಡಿ, ಭೇಟಿ ಸಾಮಾನ್ಯವಾಗಿ 10 ವಾರದೊಳಗೆ ಆಗುತ್ತದೆ. ಅವರಿಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ, ಔಷಧದ ಸೈಕಲ್ ಎಂದೂ ಹೇಳಿ. ಕಾರ್ಪಸ್ ಲೂಟಿಯಮ್ ಇಲ್ಲದ ಬಸಿರಿನಲ್ಲಿ ಮುಂದೆ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾ ಹೆಚ್ಚು ಕಂಡುಬಂದಿದೆ. ಊರಿನಲ್ಲಿ ಆಸ್ಪಿರಿನ್ ಅಥವಾ ಹೆಪಾರಿನ್ ಕೊಟ್ಟಿದ್ದರೆ ನೀವಾಗಿ ನಿಲ್ಲಿಸದೆ, ಏಕೆ ಕೊಟ್ಟರು ಎಂಬುದನ್ನು ಬರೆಸಿಕೊಂಡು ಬನ್ನಿ. ಇಲ್ಲಿ ಐವಿಎಫ್ ಎಂಬ ಒಂದೇ ಕಾರಣಕ್ಕೆ ಹೆಪಾರಿನ್ ಕೊಡುವುದಿಲ್ಲ.

11ರಿಂದ 14 ವಾರದ ನಡುವಿನ ಡೌನ್ ಸಿಂಡ್ರೋಮ್ ತಪಾಸಣೆಯಲ್ಲಿ ತಾಯಿಯ ವಯಸ್ಸೂ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಬೇಕಾದ್ದು ಅಂಡದ ವಯಸ್ಸು. 34ರಲ್ಲಿ ಅಂಡ ತೆಗೆಸಿ 38ರಲ್ಲಿ ಟ್ರಾನ್ಸ್‌ಫರ್ ಆಗಿದ್ದರೆ 34ರ ಲೆಕ್ಕ ಹಿಡಿಯಬೇಕು. ದಾನಿಯ ಅಂಡವಾಗಿದ್ದರೆ ದಾನಿಯ ವಯಸ್ಸು. ಮನೆಯವರ ಮುಂದೆ ಹೇಳಲು ಮುಜುಗರವಾದರೆ ಸ್ಕ್ಯಾನಿಗೆ ಒಬ್ಬರೇ ಹೋಗಿ ಹೇಳಿ. ಅದನ್ನು ಮುಚ್ಚಿಟ್ಟರೆ ಬರುವ ಅಂಕಿ ನಿಮ್ಮ ಮಗುವಿನದಾಗಿರುವುದಿಲ್ಲ.